ಎಷ್ಟು ಹೋದರೆ ತಡೆದುಕೊಳ್ಳಬಹುದು?

ಕ್ರಿಪ್ಟೋಗೆ ಎಷ್ಟು ಹಾಕಬೇಕು ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು, ಎಷ್ಟು ಹೋದರೆ ರಾತ್ರಿ ನಿದ್ದೆ ಬರುತ್ತದೆ ಎಂದು. ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.

2021ರ ನವೆಂಬರಿನಲ್ಲಿ ಸುಮಾರು 69,000 ಡಾಲರ್ ಇದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಬಿತ್ತು. ಅಂದರೆ ನೂರಕ್ಕೆ 75ಕ್ಕಿಂತ ಹೆಚ್ಚು ಕರಗಿತು. ಹಾಗಾಗಿ ಶೇ 80ರ ಕುಸಿತವನ್ನು ಲೆಕ್ಕಕ್ಕೆ ಹಿಡಿಯೋಣ. ಹತ್ತು ಲಕ್ಷ ಉಳಿತಾಯವಿರುವವರು ಇದರಲ್ಲಿ 20,000 ರೂಪಾಯಿ ಕಳೆದುಕೊಳ್ಳಲು ಸಿದ್ಧರಿದ್ದರೆ, 20,000ವನ್ನು 0.8ರಿಂದ ಭಾಗಿಸಿ: 25,000 ಬರುತ್ತದೆ. ಒಟ್ಟು ಉಳಿತಾಯದ ಎರಡೂವರೆ ಪರ್ಸೆಂಟ್, ಅಷ್ಟೇ. ಕೆಲವು ಚಿಲ್ಲರೆ ನಾಣ್ಯಗಳು ಸೊನ್ನೆಗೇ ಇಳಿದದ್ದೂ ಉಂಟು. ಅವಕ್ಕಾದರೆ 20,000 ಮೀರಬಾರದು.

ಎಡವುವುದು ಬೆಲೆ ಏರಿದಾಗ. 25,000 ಮೂರು ಪಟ್ಟಾಗಿ 75,000 ಆಯಿತೆನ್ನಿ. ಖುಷಿಯಲ್ಲಿ ಯಾರೂ ಗಮನಿಸುವುದಿಲ್ಲ, ಈಗ ಅದೇ ಕುಸಿತ 60,000 ನುಂಗುತ್ತದೆ. ಹೆಚ್ಚಿನ 50,000 ಮಾರಿದರೆ ಅದರಲ್ಲಿ ಲಾಭ ಸುಮಾರು 33,000. ನಮ್ಮಲ್ಲಿ ಅದಕ್ಕೆ ಶೇ 30ರ ತೆರಿಗೆ, ಮೇಲೆ ಸೆಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಮಾಡಿಕೊಳ್ಳಲೂ ಬಿಡುವುದಿಲ್ಲ. ಆದ್ದರಿಂದ ಪ್ರತಿ ತಿಂಗಳೂ ಕತ್ತರಿಸುತ್ತ ಕೂರದೆ, ಪಾಲು ಐದು ಪರ್ಸೆಂಟ್ ದಾಟಿದಾಗ ಮಾತ್ರ ಮಾರಿ, ಅಲ್ಲಿಯವರೆಗೆ ಹೊಸ ಉಳಿತಾಯವನ್ನು ಬೇರೆಡೆ ಹಾಕುವುದು ಅಗ್ಗ.