ಜೋಡಣೆ ಆಗಿದೆ, ಉತ್ತರ ಬರುತ್ತಿಲ್ಲ

ಪರದೆಯ ಮೇಲೆ `active` ಎಂಬ ಪದ ಹಸಿರು ಬಣ್ಣದಲ್ಲಿ ಮಿನುಗುತ್ತಿರುತ್ತದೆ. ಕ್ಲೌಡಿನಲ್ಲಿರುವ ಎರಡು ಖಾಸಗಿ ನೆಟ್‌ವರ್ಕ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ, ಅಂದರೆ ಪಿಯರಿಂಗ್, ಮುಗಿದಿದೆ ಎಂದು ಅದರ ಅರ್ಥ. ಆದರೆ ಈ ಕಡೆಯ ಕಂಪ್ಯೂಟರಿನಿಂದ ಆ ಕಡೆಯ ಡೇಟಾಬೇಸನ್ನು ಕರೆದರೆ ಯಾವ ಸದ್ದೂ ಇಲ್ಲ. ಒಂದೆರಡು ನಿಮಿಷ ಕಾದ ಮೇಲೆ `Connection timed out` ಎಂಬ ಒಂದು ಸಾಲು ಬರುತ್ತದೆ, ಅಷ್ಟೆ.

ಕ್ಲೌಡ್ ನೆಟ್‌ವರ್ಕ್ ನೋಡಿಕೊಳ್ಳುವವರು ಮತ್ತೆ ಮತ್ತೆ ಎದುರಿಸುವ ತೊಂದರೆ ಇದು. ಇದಕ್ಕೆ ಹೆಚ್ಚಾಗಿ ಎರಡು ಕಾರಣಗಳಿರುತ್ತವೆ: ಉತ್ತರ ಮರಳಿ ಬರಲು ದಾರಿ ಬರೆದಿರುವುದಿಲ್ಲ, ಇಲ್ಲವೇ ಎರಡು ನೆಟ್‌ವರ್ಕ್‌ಗಳು ಒಂದೇ ವಿಳಾಸಗಳನ್ನು ಇಟ್ಟುಕೊಂಡಿರುತ್ತವೆ. ಎರಡೂ ಬೇರೆ ಬೇರೆ ತಪ್ಪುಗಳಂತೆ ಕಂಡರೂ ಕೆಲವೊಮ್ಮೆ ಎರಡನೆಯದು ಮೊದಲನೆಯದರ ವೇಷದಲ್ಲಿ ಬರುತ್ತದೆ. ಪತ್ತೆ ಹಚ್ಚಲು ಅತಿ ಕಷ್ಟವಾದದ್ದು ಆ ಬಗೆಯೇ.

ಅಮೆಜಾನಿನ ಎಡಬ್ಲ್ಯುಎಸ್ ಇದನ್ನು ನೋಡಲು ಒಳ್ಳೆಯ ಜಾಗ. ಅಲ್ಲಿ ಗ್ರಾಹಕರ ಖಾಸಗಿ ನೆಟ್‌ವರ್ಕಿಗೆ ವಿಪಿಸಿ ಎಂದು ಹೆಸರು. ಎರಡು ವಿಪಿಸಿಗಳನ್ನು ಜೋಡಿಸುವ ಸೌಲಭ್ಯ 2014ರಲ್ಲಿ ಬಂತು. ಈ ಜೋಡಣೆ ಬೇರೆ ಬೇರೆ ಊರುಗಳ ನಡುವೆಯೂ ಆಗುತ್ತದೆ. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಕಂಪನಿಯೊಂದರ ಆ್ಯಪ್ ಎಡಬ್ಲ್ಯುಎಸ್‌ನ ಮುಂಬೈ ಕೇಂದ್ರದಲ್ಲಿದೆ. ಅದರ ನೆಟ್‌ವರ್ಕ್ 10.20.0.0/16. ಲೆಕ್ಕಪತ್ರದ ಡೇಟಾಬೇಸ್ ಹೈದರಾಬಾದ್ ಕೇಂದ್ರದಲ್ಲಿದೆ. ಅಲ್ಲಿನ ನೆಟ್‌ವರ್ಕ್ 10.30.0.0/16. ಕೊನೆಯ /16 ಎಂದರೆ ಮೊದಲ ಎರಡು ಅಂಕಿಗಳು ಸ್ಥಿರ, ಉಳಿದ ಎರಡು ಬದಲಾಗಬಹುದು ಎಂದರ್ಥ. ಹಾಗಾಗಿ ಒಂದೊಂದು ನೆಟ್‌ವರ್ಕಿನಲ್ಲೂ 65,536 ವಿಳಾಸಗಳು.

ಪಿಯರಿಂಗ್‌ಗೆ ಒಂದು ಕಡೆಯವರು ಕೋರಿಕೆ ಕಳಿಸುತ್ತಾರೆ, ಇನ್ನೊಂದು ಕಡೆಯವರು ಒಪ್ಪುತ್ತಾರೆ, ಸ್ಥಿತಿ `active` ಆಗುತ್ತದೆ. ಅಷ್ಟಾದರೂ ಒಂದು ಪ್ಯಾಕೆಟ್ಟೂ ಚಲಿಸುವುದಿಲ್ಲ. ಯಾವ ವಿಳಾಸಕ್ಕೆ ಹೋಗಬೇಕಾದದ್ದು ಯಾವ ಬಾಗಿಲಿನಿಂದ ಹೊರಡಬೇಕು ಎಂಬುದನ್ನು ಹೇಳುವುದು ರೂಟ್ ಟೇಬಲ್, ಮತ್ತು ಎಡಬ್ಲ್ಯುಎಸ್ ಅದರಲ್ಲಿ ತಾನಾಗಿ ಏನನ್ನೂ ಬರೆಯುವುದಿಲ್ಲ. ಮುಂಬೈಯ ಎಂಜಿನಿಯರ್ ತನ್ನ ಟೇಬಲಿನಲ್ಲಿ ಒಂದು ಸಾಲು ಸೇರಿಸುತ್ತಾರೆ:

```
10.20.0.0/16    local
10.30.0.0/16    pcx-1111
```

ಈಗ ಮುಂಬೈಯ 10.20.1.15 ಎಂಬ ಯಂತ್ರದಿಂದ ಹೊರಟ ಪ್ಯಾಕೆಟ್ ಹೈದರಾಬಾದಿನ 10.30.4.40ಕ್ಕೆ ಸರಿಯಾಗಿ ತಲುಪುತ್ತದೆ. ಡೇಟಾಬೇಸ್ ಅದನ್ನು ಓದಿ ಉತ್ತರವನ್ನೂ ಬರೆಯುತ್ತದೆ. ಎಡವುವುದು ಇಲ್ಲಿಯೇ. ಬಂದ ದಾರಿಯಲ್ಲೇ ಉತ್ತರ ಹಿಂದಿರುಗುತ್ತದೆ ಎಂದು ಅನೇಕರು ಎಣಿಸುತ್ತಾರೆ. ನೆಟ್‌ವರ್ಕಿಗೆ ಅಂಥ ನೆನಪಿಲ್ಲ. ಉತ್ತರವೂ ಅದರ ಪಾಲಿಗೆ ಹೊಸದೊಂದು ಪ್ಯಾಕೆಟ್, 10.20.1.15ಕ್ಕೆ ಹೇಗೆ ಹೋಗಬೇಕೆಂದು ಹೈದರಾಬಾದಿನ ರೂಟ್ ಟೇಬಲನ್ನೇ ಮತ್ತೆ ಕೇಳಬೇಕು. ಅಲ್ಲಿ 10.20.0.0/16ಕ್ಕೆ ಸಾಲು ಇಲ್ಲದಿದ್ದರೆ, ಅಂತರ್ಜಾಲದ ಕಡೆಗೆ ಕೈ ತೋರಿಸುವ ಸಾಮಾನ್ಯ ಸಾಲಿನ ಜಾಡು ಹಿಡಿಯುತ್ತದೆ. ಖಾಸಗಿ ವಿಳಾಸಕ್ಕೆ ಅಂತರ್ಜಾಲದಲ್ಲಿ ಜಾಗವಿಲ್ಲ. ಉತ್ತರ ಅಲ್ಲಿಗೇ ಕೊನೆ.

ಇಂಥ ಹೊತ್ತಿನಲ್ಲಿ ಮೊದಲು ಬೈಸಿಕೊಳ್ಳುವುದು ಫೈರ್‌ವಾಲ್. ಅನುಮತಿಗಳನ್ನು ಸಡಿಲಿಸುತ್ತಾ ಹೋಗುತ್ತಾರೆ, ಕೊನೆಗೆ ಎಲ್ಲರಿಗೂ ಬಾಗಿಲು ತೆರೆದಿಡುತ್ತಾರೆ. ತೊಂದರೆ ಹಾಗೇ ಉಳಿಯುತ್ತದೆ, ಜೊತೆಗೆ ಭದ್ರತೆಯೂ ಹೋಗುತ್ತದೆ. ಹಾಗೆ ಮಾಡುವ ಬದಲು ಡೇಟಾಬೇಸ್ ಇರುವ ಯಂತ್ರದ ಮೇಲೆ ಈ ಒಂದು ಆಜ್ಞೆ ಕೊಟ್ಟು ಕುಳಿತರೆ ಸಾಕು:

```
sudo tcpdump -ni any tcp port 5432
```

ಮುಂಬೈಯಿಂದ ಕರೆದಾಗ ಇಲ್ಲಿ `[S]` ಗುರುತಿನ ಸಾಲು ಕಂಡರೆ ಕರೆ ತಲುಪಿದೆ, ಕ್ಲೌಡಿನ ಫೈರ್‌ವಾಲ್ ಒಳಗೆ ಬಿಟ್ಟಿದೆ ಎಂದೇ ಅರ್ಥ. ಅದರ ಬೆನ್ನಿಗೇ `[S.]` ಗುರುತು ಕಂಡರೆ ಉತ್ತರವೂ ಹೊರಟಿದೆ. ಈ ಜೋಡಿ ಒಂದು ಸೆಕೆಂಡ್, ಎರಡು ಸೆಕೆಂಡ್, ನಾಲ್ಕು ಸೆಕೆಂಡ್ ಹೀಗೆ ಅಂತರ ಹೆಚ್ಚಿಸುತ್ತಾ ಮರುಕಳಿಸುತ್ತಿದ್ದರೆ ಅನುಮಾನವೇ ಬೇಡ: ಉತ್ತರ ಮುಂಬೈ ಸೇರುತ್ತಿಲ್ಲ, ಅದಕ್ಕೇ ಮುಂಬೈ ಮತ್ತೆ ಮತ್ತೆ ಕೇಳುತ್ತಿದೆ. ಏನೂ ಕಾಣದಿದ್ದರೆ ಮಾತ್ರ ಹೋಗುವ ದಾರಿ ಅಥವಾ ಫೈರ್‌ವಾಲ್ ಕಡೆ ನೋಡಬೇಕು. ಇನ್ನು ಮುಂಬೈಯ ಪರದೆಯ ಮೇಲೆ ಬಂದದ್ದು `Connection refused` ಆಗಿದ್ದರೆ ಅದು ಸಾಮಾನ್ಯವಾಗಿ ಶುಭಸೂಚನೆ. ಇಲ್ಲ ಎನ್ನುವುದೂ ಒಂದು ಉತ್ತರವೇ. ದಾರಿ ಎರಡೂ ಕಡೆ ಸರಿಯಿದೆ, ಡೇಟಾಬೇಸ್ ಚಾಲೂ ಇಲ್ಲ, ಅಷ್ಟೆ.

ಮರಳುವ ದಾರಿ ಬರೆದ ಮೇಲೂ ಕೆಲವು ಯಂತ್ರಗಳು ಮಾತನಾಡಿ, ಕೆಲವು ಸುಮ್ಮನಿರುವುದುಂಟು. ವಿಪಿಸಿಯೊಳಗೆ ಸಬ್‌ನೆಟ್ ಎಂಬ ತುಂಡುಗಳಿರುತ್ತವೆ, ಒಂದೊಂದು ತುಂಡಿಗೂ ಬೇರೆ ರೂಟ್ ಟೇಬಲ್ ಇರಬಹುದು. ಎಂಜಿನಿಯರ್ ಮುಖ್ಯ ಟೇಬಲಿನಲ್ಲಿ ಸಾಲು ಸೇರಿಸಿರುತ್ತಾರೆ. ಡೇಟಾಬೇಸ್ ಇರುವ ಸಬ್‌ನೆಟ್ ಮತ್ತೊಂದು ಟೇಬಲಿಗೆ ಅಂಟಿಕೊಂಡಿರುತ್ತದೆ. ಟೇಬಲ್ ಸರಿಯಿದೆಯೇ ಎಂದು ನೋಡುವ ಮೊದಲು ಆ ಯಂತ್ರ ಬಳಸುವುದು ಯಾವ ಟೇಬಲನ್ನು ಎಂದು ನೋಡಬೇಕು.

ಮೈಕ್ರೋಸಾಫ್ಟಿನ ಅಜೂರ್ ಮತ್ತು ಗೂಗಲ್ ಕ್ಲೌಡಿನಲ್ಲಿ ಪಿಯರಿಂಗ್ ಆದೊಡನೆ ಈ ದಾರಿಗಳು ತಾವಾಗಿಯೇ ಸೇರುತ್ತವೆ. ಹಾಗಾಗಿ ಈ ಮೊದಲ ತಪ್ಪು ಹೆಚ್ಚಾಗಿ ಎಡಬ್ಲ್ಯುಎಸ್‌ನದು. ವಿಳಾಸಗಳ ಘರ್ಷಣೆ ಮಾತ್ರ ಮೂರೂ ಕಡೆಯದು.

ಅದರ ಮೂಲ 1996ರ ಫೆಬ್ರವರಿಯಲ್ಲಿ ಹೊರಬಂದ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿದೆ. ಅಂತರ್ಜಾಲದ ವಿಳಾಸಗಳು ಮುಗಿದುಹೋಗದಂತೆ ಮೂರು ಶ್ರೇಣಿಗಳನ್ನು ಖಾಸಗಿ ಬಳಕೆಗೆ ಬಿಟ್ಟುಕೊಟ್ಟ ದಾಖಲೆ ಅದು: 10ರಿಂದ ಆರಂಭವಾಗುವ ಎಲ್ಲ ವಿಳಾಸಗಳು, 172.16ರಿಂದ 172.31ರವರೆಗಿನವು, ಮತ್ತು ಮನೆಯ ವೈಫೈಯಲ್ಲಿ ನಾವು ದಿನಾ ಕಾಣುವ 192.168. ಯಾರನ್ನೂ ಕೇಳದೆ ಯಾರು ಬೇಕಾದರೂ ಇವನ್ನು ಬಳಸಬಹುದು. ಬೆಂಗಳೂರಿನಲ್ಲಿ ಬಡಾವಣೆಯ ಹೆಸರು ಹೇಳದೆ ‘2ನೇ ಮೇನ್, 4ನೇ ಕ್ರಾಸ್’ ಎಂದಷ್ಟೇ ಬರೆದ ಲಕೋಟೆಯಂತೆ. ಒಂದು ಬಡಾವಣೆಯೊಳಗೆ ಅದು ಸ್ಪಷ್ಟ, ಎರಡು ಬಡಾವಣೆ ಸೇರಿದ ಕೂಡಲೇ ಗೊಂದಲ.

ಮುಂದೆ ಬೇರೆ ಸಂಸ್ಥೆಯ ಜೊತೆ ಕೂಡಬೇಕಾದೀತು, ಆದ್ದರಿಂದ ಶ್ರೇಣಿಯನ್ನು ಯಾದೃಚ್ಛಿಕವಾಗಿ ಆರಿಸಿಕೊಳ್ಳಿ ಎಂದು ಆ ದಾಖಲೆಯೇ ಸಲಹೆ ಕೊಟ್ಟಿತ್ತು. ಆದರೆ ಪಾಠದ ಪುಸ್ತಕಗಳಲ್ಲೂ ಮಾದರಿಗಳಲ್ಲೂ 10.0.0.0/16 ಎಂದೇ ಇರುವುದರಿಂದ ಎಲ್ಲರೂ ಅದನ್ನೇ ಬರೆಯುತ್ತಾರೆ. ಎಡಬ್ಲ್ಯುಎಸ್ ಪ್ರತಿ ಖಾತೆಗೂ ತಾನೇ ಮಾಡಿಕೊಡುವ ಡೀಫಾಲ್ಟ್ ವಿಪಿಸಿ ಎಲ್ಲ ಕೇಂದ್ರಗಳಲ್ಲೂ 172.31.0.0/16. ಗೂಗಲ್‌ನ ಸ್ವಯಂಚಾಲಿತ ನೆಟ್‌ವರ್ಕ್‌ಗಳೆಲ್ಲ 10.128.0.0/9 ಒಳಗೇ ಹುಟ್ಟುತ್ತವೆ. ಅಂಥ ಎರಡನ್ನು ಜೋಡಿಸಲು ಹೋದರೆ ಕೋರಿಕೆ ಒಡನೆಯೇ ತಿರಸ್ಕೃತವಾಗುತ್ತದೆ. ಎಡಬ್ಲ್ಯುಎಸ್‌ನಲ್ಲಂತೂ ಬೇರೊಂದು ಹೆಚ್ಚುವರಿ ಶ್ರೇಣಿ ಸೇರಿಸಿ, ಅದರ ಮೂಲಕವಷ್ಟೇ ಮಾತಾಡುತ್ತೇವೆ ಎಂದರೂ ಒಪ್ಪುವುದಿಲ್ಲ. ಒಂದು ಶ್ರೇಣಿ ಡಿಕ್ಕಿಯಾದರೂ ಇಡೀ ಪಿಯರಿಂಗ್ ಸಿಗದು.

ತಿರಸ್ಕಾರವಾದರೆ ಕಡೇಪಕ್ಷ ಕಾರಣ ಗೊತ್ತಾಗುತ್ತದೆ. ಎಡಬ್ಲ್ಯುಎಸ್ ಘರ್ಷಣೆಯನ್ನು ಪರೀಕ್ಷಿಸುವುದು ಜೋಡಿಯಾಗುವ ಎರಡು ನೆಟ್‌ವರ್ಕ್‌ಗಳ ನಡುವೆ ಮಾತ್ರ. ಮೂರನೆಯದು ಬಂದಾಗ ನಿಜವಾದ ಕಷ್ಟ ಶುರು.

ಎಲ್ಲರೂ ಬಳಸುವ ಲಾಗಿನ್ ಸರ್ವರ್ ಇರುವ ಒಂದು ನಡು ನೆಟ್‌ವರ್ಕ್ 172.16.0.0/16 ಆಗಿರಲಿ. ಮಾರಾಟ ವಿಭಾಗದ ನೆಟ್‌ವರ್ಕ್ 10.0.0.0/16, ಅದಕ್ಕೆ ಪಿಯರಿಂಗ್ ಇದೆ. ಆಮೇಲೆ ಕಂಪನಿ ಇನ್ನೊಂದು ಸಣ್ಣ ಕಂಪನಿಯನ್ನು ಕೊಂಡುಕೊಂಡಿತು, ಅವರದ್ದೂ 10.0.0.0/16. ನಡು ನೆಟ್‌ವರ್ಕಿಗೂ ಇಬ್ಬರಲ್ಲಿ ಒಬ್ಬೊಬ್ಬರಿಗೂ ನಡುವೆ ಘರ್ಷಣೆ ಇಲ್ಲದ್ದರಿಂದ ಎರಡೂ ಜೋಡಣೆಗಳು `active` ಎನ್ನುತ್ತವೆ. ಹೊಸ ಕಂಪನಿಯ 10.0.1.66 ಲಾಗಿನ್ ಸರ್ವರನ್ನು ಕರೆಯುತ್ತದೆ. ಕರೆ ತಲುಪುತ್ತದೆ. ಉತ್ತರ ಹೊರಡುತ್ತದೆ. ನಡು ನೆಟ್‌ವರ್ಕಿನ ಟೇಬಲಿನಲ್ಲಿ 10.0.0.0/16ಕ್ಕೆ ಒಂದೇ ಸಾಲು ಇರಲು ಸಾಧ್ಯ, ಅದು ಮಾರಾಟ ವಿಭಾಗದ ಕಡೆ ತೋರಿಸುತ್ತಿದೆ. ಹೊಸ ಕಂಪನಿಗೆ ಸೇರಬೇಕಾದ ಉತ್ತರ ಮಾರಾಟ ವಿಭಾಗಕ್ಕೆ ಹೋಗುತ್ತದೆ. ಪ್ಯಾಕೆಟ್ ಯಾವ ಜೋಡಣೆಯಿಂದ ಬಂತು ಎಂದು ನೋಡಿ ಉತ್ತರವನ್ನು ಅಲ್ಲಿಗೇ ಕಳಿಸುವ ಏರ್ಪಾಡು ಈ ಪಿಯರಿಂಗಿನಲ್ಲಿ ಇಲ್ಲ.

ಹೊಸ ಕಂಪನಿಯ ಯಂತ್ರಗಳೆಲ್ಲ 10.0.1.0/24 ಎಂಬ ಸಣ್ಣ ತುಂಡಿನಲ್ಲಿದ್ದು, ಮಾರಾಟ ವಿಭಾಗ ಆ ತುಂಡನ್ನು ಮುಟ್ಟದೇ ಇದ್ದರೆ ಬಚಾವಾಗಬಹುದು. ರೂಟ್ ಟೇಬಲಿನಲ್ಲಿ ಹೆಚ್ಚು ನಿಖರವಾದ ಸಾಲೇ ಗೆಲ್ಲುತ್ತದೆ:

```
10.0.0.0/16     pcx-2222   (ಮಾರಾಟ)
10.0.1.0/24     pcx-3333   (ಹೊಸ ಕಂಪನಿ)
```

ಇದು ತುರ್ತು ಚಿಕಿತ್ಸೆ ಮಾತ್ರ. ಮಾರಾಟ ವಿಭಾಗದವರು ಎಂದಾದರೂ 10.0.1.0/24ರಲ್ಲಿ ಯಂತ್ರ ಇಟ್ಟ ದಿನ ಅವರ ಉತ್ತರಗಳು ಈ ಕಡೆ ಬರತೊಡಗುತ್ತವೆ.

ಕ್ಲೌಡಿಗೇ ಕಾಣದ ಇನ್ನೊಂದು ಘರ್ಷಣೆಯೂ ಇದೆ. ಡಾಕರ್ ಹಾಕಿದ ಲಿನಕ್ಸ್ ಯಂತ್ರ ತನ್ನೊಳಗೆ 172.17.0.0/16 ಎಂಬ ನೆಟ್‌ವರ್ಕನ್ನು ಡೀಫಾಲ್ಟ್ ಆಗಿ ಕಟ್ಟಿಕೊಳ್ಳುತ್ತದೆ. ಪಿಯರಿಂಗಿನ ಆಚೆಯ ನೆಟ್‌ವರ್ಕೂ 172.17.0.0/16 ಆಗಿದ್ದರೆ, ಅಲ್ಲಿಂದ ಬಂದ ಕರೆಗೆ ಈ ಯಂತ್ರದ ಉತ್ತರ ಹೊರಗೇ ಬರುವುದಿಲ್ಲ, `docker0` ಎಂಬ ಒಳಬಾಗಿಲಿಗೆ ಹೋಗಿಬಿಡುತ್ತದೆ. ಪಕ್ಕದಲ್ಲಿರುವ, ಡಾಕರ್ ಇಲ್ಲದ ಯಂತ್ರ ಸರಿಯಾಗಿ ಉತ್ತರಿಸುತ್ತಿದ್ದರೆ ಸಂಶಯ ಮೊದಲು ಇಲ್ಲಿಗೆ ಬರಬೇಕು. `ip route get 172.17.5.9` ಎಂದು ಕೇಳಿದರೆ ಯಂತ್ರ ಯಾವ ಬಾಗಿಲನ್ನು ಆರಿಸುತ್ತದೆಂದು ಅದೇ ಹೇಳುತ್ತದೆ.

ಪೂರ್ತಿ ಘರ್ಷಣೆಗೆ ಸುಲಭದ ಮದ್ದಿಲ್ಲ. ವಿಪಿಸಿಯ ಮೊದಲ ವಿಳಾಸ ಶ್ರೇಣಿಯನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಹೊಸ ವಿಪಿಸಿ ಕಟ್ಟಿ ಯಂತ್ರಗಳನ್ನು ಒಂದೊಂದಾಗಿ ಸಾಗಿಸಬೇಕು. ಬೇಕಾದದ್ದು ಆಚೆಯ ಒಂದೇ ಸೇವೆಯಾದರೆ ಪ್ರೈವೇಟ್‌ಲಿಂಕ್ ಮೂಲಕ ಆ ಸೇವೆಗೆ ಈ ಕಡೆಯ ನೆಟ್‌ವರ್ಕಿನದೇ ಒಂದು ವಿಳಾಸ ಕೊಡಬಹುದು. ಆಗ ರೂಟ್ ಟೇಬಲಿಗೆ ಕೈಹಾಕಬೇಕಾಗಿಲ್ಲ, ಘರ್ಷಣೆಯೂ ಅಡ್ಡಬರುವುದಿಲ್ಲ. ಆದರೆ ಕರೆ ಒಂದೇ ದಿಕ್ಕಿನಿಂದ ಆರಂಭವಾಗಬೇಕು. ಎರಡೂ ಕಡೆಯಿಂದ ಬಗೆಬಗೆಯ ಕರೆಗಳು ಬೇಕಿದ್ದರೆ ನಡುವೆ ವಿಳಾಸ ಬದಲಿಸುವ ನ್ಯಾಟ್ ವ್ಯವಸ್ಥೆ ಕೂರಿಸುತ್ತಾರೆ. ಅಲ್ಲಿಂದ ಮುಂದೆ ದಾಖಲೆಯಲ್ಲಿ ಕಾಣುವ ವಿಳಾಸ ಒಂದು, ಯಂತ್ರದ ನಿಜವಾದ ವಿಳಾಸ ಇನ್ನೊಂದು. ಮುಂದಿನ ಪ್ರತಿ ತನಿಖೆಯೂ ಅಷ್ಟು ಉದ್ದವಾಗುತ್ತದೆ.

ಮೊದಲ ವಿಪಿಸಿ ಕಟ್ಟುವ ದಿನವೇ ಒಂದು ಸಾದಾ ಪಟ್ಟಿ ತೆರೆಯಿರಿ: ಯಾವ ಶ್ರೇಣಿ, ಯಾರಿಗೆ, ಯಾವ ಊರಿನಲ್ಲಿ. ಕಚೇರಿಯ ನೆಟ್‌ವರ್ಕ್, ವಿಪಿಎನ್, ಡಾಕರ್ ಇವೂ ಅದರಲ್ಲಿರಲಿ. ಡೀಫಾಲ್ಟ್ ಶ್ರೇಣಿಯನ್ನು ಕೆಲಸದ ನೆಟ್‌ವರ್ಕಿಗೆ ಬಳಸಬೇಡಿ, ಮತ್ತು ಪ್ರತಿ ಪಿಯರಿಂಗ್ ಆದ ಮೇಲೂ ಎರಡೂ ದಿಕ್ಕಿನಿಂದ ಒಮ್ಮೆ ಕರೆದು ನೋಡಿ.