ಬಿಸಿನೀರಿಗೆ ಮಾತ್ರ ಶಮನವಾಗುವ ವಾಂತಿ

ಗಾಂಜಾ ಸೇದಿದರೆ ವಾಕರಿಕೆ ನಿಲ್ಲುತ್ತದೆಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಇದೆ. ಇದು ಸಂಪೂರ್ಣ ಸುಳ್ಳಲ್ಲ. ಕ್ಯಾನ್ಸರ್ ಚಿಕಿತ್ಸೆಯಿಂದ ಉಂಟಾಗುವ ವಾಂತಿಯನ್ನು ತಡೆಯಲು ಗಾಂಜಾದ ಮಾದಕಾಂಶವನ್ನೇ ಹೋಲುವ ಔಷಧಿಗಳನ್ನು ಕೆಲವು ದೇಶಗಳಲ್ಲಿ ಬಳಸಲಾಗುತ್ತಿದೆ. ಆದರೆ ಅದೇ ವಸ್ತುವನ್ನು ವರ್ಷಾನುಗಟ್ಟಲೆ, ದಿನಕ್ಕೆ ಹಲವು ಬಾರಿ ಸೇವಿಸಿದವರಲ್ಲಿ ಕೆಲವರಿಗೆ ಪರಿಣಾಮವು ತಿರುಗುಮುರುಗಾಗುತ್ತದೆ. ತಡೆಯಲಾಗದ ವಾಂತಿಯು ಮತ್ತೆ ಮತ್ತೆ ಮರುಕಳಿಸುತ್ತದೆ. ಗಾಂಜಾಜನ್ಯ ಅತಿವಾಂತಿ ಎಂದು ಕರೆಯಬಹುದಾದ ಈ ಸ್ಥಿತಿಯನ್ನು ರೋಗಿಯೂ, ಅವನ ಮನೆಯವರೂ, ಅನೇಕ ವೇಳೆ ವೈದ್ಯರೂ ಗುರುತಿಸದೆ ಹೋಗುವುದುಂಟು.

ರೋಗದ ನಡೆಯನ್ನು ತಿಳಿಯಲು ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಮುಂಬಯಿಯ ಬೈಕುಲ್ಲಾದ ಒಂದು ಚಾಳಿನಲ್ಲಿ ತಾಯಿಯೊಡನೆ ವಾಸಿಸುವ 27 ವರ್ಷದ ಯುವಕ. ತಂದೆ ಹೋಟೆಲು ಕೆಲಸಕ್ಕಾಗಿ ಉಡುಪಿಯ ಕಡೆಯಿಂದ ಬಂದವರು. ಈತ ಗ್ಯಾರೇಜಿನಲ್ಲಿ ದುಡಿಯುತ್ತಾನೆ. 18ನೆಯ ವಯಸ್ಸಿನಿಂದ ಗಾಂಜಾ ಸೇದುತ್ತಿದ್ದು, ಈಚೆಗೆ ದಿನಕ್ಕೆ ಐದಾರು ಬಾರಿ ಸೇದುವುದು ರೂಢಿಯಾಗಿದೆ. ಮೊದಲು ಬೆಳಗಿನ ವೇಳೆ ಹೊಟ್ಟೆ ತೊಳಸಿದಂತಾಗುವುದು, ಊಟ ಸೇರದಿರುವುದು, ವಾಂತಿಯಾದೀತೆಂಬ ಭಯ ಇವು ಕಾಣಿಸಿಕೊಂಡವು. ತಾಯಿ ಪಿತ್ತವೆಂದು ತಿಳಿದು ಶುಂಠಿ ಕಷಾಯ ಮಾಡಿಕೊಟ್ಟರು. ಮಗ ಬೇರೆ ಉಪಾಯ ಕಂಡುಕೊಂಡನು. ವಾಕರಿಕೆ ತಗ್ಗಲೆಂದು ಗಾಂಜಾವನ್ನು ಇನ್ನಷ್ಟು ಹೆಚ್ಚಿಸಿದನು. ಈ ಪೂರ್ವಹಂತವು ತಿಂಗಳುಗಳ ಕಾಲ, ಕೆಲವರಲ್ಲಿ ವರ್ಷಗಳ ಕಾಲ ನಡೆಯಬಲ್ಲದು.

ಒಂದು ದಿನ ನಸುಕಿನಲ್ಲಿ ವಾಂತಿ ಆರಂಭವಾಯಿತು. ಹೊಟ್ಟೆಯ ನಡುಭಾಗದಲ್ಲಿ ನೋವು. ಕುಡಿದ ನೀರೂ ನಿಲ್ಲದು. ಗಂಟೆಗೆ ಹಲವು ಬಾರಿ ವಾಂತಿ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಒಂದು ಬಕೆಟ್ ತುಂಬಿ, ರಾಡ್ ಹಾಕಿ ಕಾಯಿಸಿ ಮೈಮೇಲೆ ಸುರಿದುಕೊಂಡಾಗ ಮಾತ್ರ ಹಾಯೆನಿಸಿತು. ನೀರು ಆರಿದೊಡನೆ ವಾಕರಿಕೆ ಮರಳಿತು. ಆ ದಿನ ಆತ ಏಳು ಬಾರಿ ಸ್ನಾನ ಮಾಡಿದನು. ಮೂರು ದಿನಗಳ ಮೇಲೆ ವಾಂತಿ ತಾನಾಗಿ ನಿಂತಿತು. ಆತ ಕೆಲಸಕ್ಕೂ ಹೋದನು, ಗಾಂಜಾವನ್ನೂ ಮುಂದುವರಿಸಿದನು. ಆರು ವಾರಗಳ ಅನಂತರ ಎಲ್ಲವೂ ಹಾಗೆಯೇ ಮರುಕಳಿಸಿತು.

ಈ ನಡುವೆ ನಡೆದ ಚಿಕಿತ್ಸೆಯ ಕಥೆಯೂ ಇಂಥ ರೋಗಿಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯಾಗಿರುತ್ತದೆ. ಒಮ್ಮೆ ವಿಷಾಹಾರವೆಂದು, ಇನ್ನೊಮ್ಮೆ ಹೊಟ್ಟೆಹುಣ್ಣೆಂದು ಔಷಧಿ ಕೊಡಲಾಗುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್ ಮತ್ತು ಜಠರದೊಳಗೆ ನಳಿಕೆ ಇಳಿಸಿ ನೋಡುವ ಪರೀಕ್ಷೆಗಳಲ್ಲಿ ವಿಶೇಷವೇನೂ ಕಾಣದು. ವಾಂತಿಗೆ ಸಾಮಾನ್ಯವಾಗಿ ಕೊಡುವ ಒಂಡಾನ್‌ಸೆಟ್ರಾನ್ ಅನೇಕರಲ್ಲಿ ಫಲ ನೀಡುವುದಿಲ್ಲ. ವೈದ್ಯರು ಗಾಂಜಾದ ಬಗ್ಗೆ ಕೇಳುವುದಿಲ್ಲ. ತಾಯಿ ಪಕ್ಕದಲ್ಲಿ ನಿಂತಿರುವಾಗ ರೋಗಿ ತಾನಾಗಿ ಹೇಳುವುದೂ ಇಲ್ಲ. "ವಾಂತಿ ಬಂದಾಗ ಏನು ಮಾಡಿದರೆ ಹಾಯೆನಿಸುತ್ತದೆ?" ಎಂಬ ಒಂದು ಸರಳ ಪ್ರಶ್ನೆಯನ್ನು ಏಕಾಂತದಲ್ಲಿ ಕೇಳಿದ್ದರೆ ಸುಳಿವು ಮೊದಲ ದಿನವೇ ದೊರೆಯುತ್ತಿತ್ತು. ಪಾಶ್ಚಾತ್ಯ ವೈದ್ಯರು ಷವರಿನ ಕೆಳಗೆ ನಿಲ್ಲುವುದನ್ನು ಕುರಿತು ಕೇಳುತ್ತಾರೆ. ನಮ್ಮಲ್ಲಿ ಅಷ್ಟೇ ಕೇಳಿದರೆ ಸಾಲದು. ಬಕೆಟ್ ಸ್ನಾನ, ಹೊಟ್ಟೆಯ ಮೇಲಿಟ್ಟ ಬಿಸಿನೀರಿನ ಚೀಲ, ಬೇಗನೆ ಮುಗಿದುಹೋಗುವ ಅಡುಗೆ ಅನಿಲ ಇವನ್ನೂ ವಿಚಾರಿಸಬೇಕಾಗುತ್ತದೆ.

ಈ ಸಂಬಂಧವನ್ನು ಸ್ಪಷ್ಟಪಡಿಸಿದ ವರದಿಯು 2004ರಲ್ಲಿ ದಕ್ಷಿಣ ಆಸ್ಟ್ರೇಲಿಯದಿಂದ ಬಂದಿತು. ಅಲೆನ್ ಮತ್ತು ಅವರ ಸಹೋದ್ಯೋಗಿಗಳು ವಿವರವಾಗಿ ಪರಿಶೀಲಿಸಿದ 10 ರೋಗಿಗಳ ಪೈಕಿ 9 ಮಂದಿಯಲ್ಲಿ ಮೇಲಿಂದ ಮೇಲೆ ಸ್ನಾನ ಮಾಡುವ ಅಸಹಜ ನಡವಳಿಕೆ ಕಂಡುಬಂದಿತು. ಗಾಂಜಾವನ್ನು ಬಿಟ್ಟ ಏಳು ಮಂದಿಯಲ್ಲಿ ವಾಂತಿ ನಿಂತಿತು; ಬಿಡದ ಮೂವರಲ್ಲಿ ನಿಲ್ಲಲಿಲ್ಲ. ಬಿಟ್ಟವರಲ್ಲಿ ಮೂವರು ಕೆಲಕಾಲದ ಮೇಲೆ ಪುನಃ ಸೇವಿಸಿದಾಗ ರೋಗವೂ ಮರಳಿತು. ಅವರಲ್ಲಿ ಇಬ್ಬರು ಮತ್ತೆ ಬಿಟ್ಟು ಗುಣ ಹೊಂದಿದರು. ರೋಗಿಗಳ ಸಂಖ್ಯೆ ಅಲ್ಪವಾದರೂ, ಬಿಟ್ಟರೆ ಹೋಗುವುದು, ಹಿಡಿದರೆ ಬರುವುದು ಎಂಬ ಈ ಕ್ರಮವು ಕಾರಣವನ್ನು ಬಲವಾಗಿ ಸೂಚಿಸುತ್ತದೆ.

ಬಿಸಿನೀರು ಏಕೆ ಶಮನ ನೀಡುತ್ತದೆಂಬುದಕ್ಕೆ ಇನ್ನೂ ಅಂತಿಮ ಉತ್ತರವಿಲ್ಲ. ಸಂಭವನೀಯವೆಂದು ಭಾವಿಸಲಾಗಿರುವ ವಿವರಣೆ ಹೀಗಿದೆ: ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖವನ್ನು ಗ್ರಹಿಸುವ ಸೂಕ್ಷ್ಮ ಗ್ರಾಹಿಗಳು ಚರ್ಮದ ನರತುದಿಗಳಲ್ಲಿವೆ. ಗಾಂಜಾದ ಅತಿಬಳಕೆಯಿಂದ ಇವುಗಳ ಸಹಜ ಕಾರ್ಯ ಕುಂದುತ್ತದೆಂದೂ, ಶಾಖವು ಅವನ್ನು ಸ್ವಲ್ಪ ಹೊತ್ತು ಎಚ್ಚರಿಸುತ್ತದೆಂದೂ ಊಹಿಸಲಾಗಿದೆ. ಮೆಣಸಿನಕಾಯಿಯ ಖಾರದ ಅಂಶವೂ ಇದೇ ಗ್ರಾಹಿಯನ್ನು ಕೆರಳಿಸುತ್ತದೆ. ಆದಕಾರಣವೇ ಆ ಅಂಶವುಳ್ಳ ಮುಲಾಮನ್ನು ಕೆಲವು ವೈದ್ಯರು ಹೊಟ್ಟೆಯ ಮೇಲೆ ಲೇಪಿಸುತ್ತಾರೆ. ಮನೆಯಲ್ಲಿ ಮೆಣಸಿನಪುಡಿ ಕಲಸಿ ಹಚ್ಚುವುದು ಇದಕ್ಕೆ ಬದಲಿಯಲ್ಲ, ಚರ್ಮ ಸುಟ್ಟೀತು. ಕುದಿಯುವಷ್ಟು ಕಾದ ನೀರನ್ನು ಸುರಿದುಕೊಂಡು ಬೊಬ್ಬೆ ತಂದುಕೊಂಡ ರೋಗಿಗಳೂ ಇದ್ದಾರೆ.

ಬಿಸಿನೀರಿನಿಂದ ಶಮನವಾಯಿತೆಂಬ ಒಂದೇ ಕಾರಣಕ್ಕೆ ರೋಗವನ್ನು ನಿರ್ಧರಿಸಲಾಗದು. ಗಾಂಜಾವನ್ನೇ ಮುಟ್ಟದವರಿಗೆ ಬರುವ ಆವರ್ತಕ ವಾಂತಿಯಲ್ಲಿಯೂ ಅನೇಕರು ಬಿಸಿನೀರನ್ನು ಬಯಸುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ, ವಾರಕ್ಕೆ ನಾಲ್ಕಕ್ಕೂ ಹೆಚ್ಚು ಬಾರಿ ಸೇವನೆ ಇದ್ದು, ವಾಂತಿಯ ಸರದಿಗಳು ಒಂದೇ ತೆರನಾಗಿ ಬಂದು ಹೋಗುತ್ತಿದ್ದರೆ ಸಂಶಯಕ್ಕೆ ಆಧಾರವಿದೆ. ಜ್ವರ, ಕಾಮಾಲೆ, ರಕ್ತವಾಂತಿ, ಹೊಟ್ಟೆಯ ಬಿಗಿತ, ಮಧುಮೇಹ ಅಥವಾ ಗರ್ಭಾವಸ್ಥೆ ಇದ್ದಲ್ಲಿ ಬೇರೆ ಕಾರಣಗಳನ್ನು ಮೊದಲು ಪರೀಕ್ಷಿಸತಕ್ಕದ್ದು.

ವಾಂತಿಯ ಹಂತದಲ್ಲಿ ಪ್ರಾಣಕ್ಕೆ ಅಪಾಯ ತರುವುದು ದೇಹದ ನೀರು ಮತ್ತು ಲವಣಗಳ ನಷ್ಟ. ಪೊಟ್ಯಾಸಿಯಮ್ ಇಳಿದರೆ ಹೃದಯದ ಬಡಿತ ತಪ್ಪಬಹುದು; ನೀರು ಬತ್ತಿದರೆ ಮೂತ್ರಪಿಂಡಗಳು ಕೆಡಬಹುದು. ಬಿಸಿ ಸ್ನಾನದಲ್ಲಿ ಬೆವರಿ ನಷ್ಟ ಇನ್ನೂ ಹೆಚ್ಚುತ್ತದೆ. ಎಂಟು ಗಂಟೆಗಳಷ್ಟು ಕಾಲ ಮೂತ್ರವಾಗದಿದ್ದರೆ, ನಿಂತಾಗ ಕಣ್ಣು ಕತ್ತಲಿಟ್ಟರೆ ಅಥವಾ ಕೈಕಾಲು ಸೆಳೆದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೈಕುಲ್ಲಾದವರಿಗೆ ಸರ್ಕಾರಿ ಜೆ.ಜೆ. ಆಸ್ಪತ್ರೆ ಸಮೀಪದಲ್ಲಿಯೇ ಇದೆ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ದ್ರವ ಮತ್ತು ಲವಣ ನೀಡಿ, ಹೃದಯದ ಇ.ಸಿ.ಜಿ. ನೋಡಿಕೊಂಡು ಹ್ಯಾಲೊಪೆರಿಡಾಲ್‌ನಂತಹ ಔಷಧಿಯನ್ನು ಕೊಡಬಹುದು. ಮಾರ್ಫಿನ್ ಜಾತಿಯ ನೋವುನಿವಾರಕಗಳು ವಾಕರಿಕೆಯನ್ನು ಹೆಚ್ಚಿಸಬಹುದಾದ್ದರಿಂದ ಅವು ಉಚಿತವಲ್ಲ.

ಇವೆಲ್ಲವೂ ಆ ಸರದಿಯನ್ನು ದಾಟಿಸುವ ಉಪಾಯಗಳು ಮಾತ್ರ. ರೋಗ ಹೋಗಬೇಕಾದರೆ ಸೇವನೆ ಪೂರ್ತಿಯಾಗಿ ನಿಲ್ಲಬೇಕು. ಗಾಂಜಾದ ಮಾದಕಾಂಶವು ದೇಹದ ಕೊಬ್ಬಿನಲ್ಲಿ ಶೇಖರವಾಗಿ ನಿಧಾನವಾಗಿ ಹೊರಬೀಳುವುದರಿಂದ, ಬಿಟ್ಟ ವಾರದಲ್ಲಿಯೇ ಮತ್ತೊಮ್ಮೆ ವಾಂತಿಯಾಗಬಹುದು. ಬಿಟ್ಟರೂ ಗುಣವಾಗಲಿಲ್ಲವೆಂದು ಬಹುಮಂದಿ ಹಿಂದಿರುಗುವುದು ಇಲ್ಲಿಯೇ. ಕನಿಷ್ಠ ಆರು ತಿಂಗಳು, ಇಲ್ಲವೇ ಹಿಂದಿನ ಮೂರು ಸರದಿಗಳಿಗೆ ಬೇಕಾಗುತ್ತಿದ್ದಷ್ಟು ಕಾಲ ಸೇವಿಸದೆ ಇದ್ದು, ವಾಂತಿ ಬರದಿದ್ದಲ್ಲಿ ಮಾತ್ರ ರೋಗನಿರ್ಣಯ ದೃಢವಾಗುತ್ತದೆ. ಗಾಂಜಾ ಬಿಟ್ಟು ಭಂಗಿಗೆ ಇಳಿದರೆ ಪ್ರಯೋಜನವಿಲ್ಲ. 1985ರ ಮಾದಕ ವಸ್ತುಗಳ ಅಧಿನಿಯಮವು ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆಯಾದರೂ ಜಠರಕ್ಕೆ ಈ ಭೇದ ತಿಳಿಯದು.

ವೈದ್ಯರಿಗೆ ನಿಜ ಹೇಳಿದರೆ ಪೊಲೀಸರ ಪಾಲಾಗುವೆನೆಂಬ ಭಯದಿಂದ ಅನೇಕರು ಬಾಯಿ ಬಿಡುವುದಿಲ್ಲ. ಅದೇ ಅಧಿನಿಯಮದ 64ಎ ಪ್ರಕರಣವು, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪಕ್ಕೊಳಗಾದ ವ್ಯಸನಿಯು ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ನಡೆಸುವ ಇಲ್ಲವೇ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಸ್ವಯಂಪ್ರೇರಣೆಯಿಂದ ವ್ಯಸನಮುಕ್ತಿ ಚಿಕಿತ್ಸೆ ಪಡೆದಲ್ಲಿ, ಅವನಿಗೆ ಅಭಿಯೋಜನೆಯಿಂದ ವಿನಾಯಿತಿ ನೀಡುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ಚಿಕಿತ್ಸಾ ಕೇಂದ್ರಗಳ ವಿವರಗಳನ್ನು 14446 ಎಂಬ ರಾಷ್ಟ್ರೀಯ ಶುಲ್ಕರಹಿತ ಸಹಾಯವಾಣಿಯಿಂದ ಪಡೆಯಬಹುದು.