ಇನ್ನೂ ಬಿಟ್ಟುಹೋಗದ ಗ್ರಾಹಕರ ಲೆಕ್ಕ

ಪಟ್ಟಣವೊಂದರಲ್ಲಿ ಮನೆಮನೆಗೆ ಬ್ರಾಡ್‌ಬ್ಯಾಂಡ್ ಕೊಡುವ ಆಪರೇಟರ್ ಒಬ್ಬರಿದ್ದಾರೆ ಎಂದುಕೊಳ್ಳೋಣ. ವ್ಯವಹಾರ ಶುರುವಾಗಿ ಒಂದು ವರ್ಷವಾಗಿದೆ. ಹೊಸ ಸಂಪರ್ಕ ಕೊಟ್ಟಾಗಲೆಲ್ಲ ಕೇಬಲ್, ರೂಟರ್, ಕೆಲಸದವರ ಕೂಲಿ ಎಂದು ಅವರ ಕೈಯಿಂದ ದುಡ್ಡು ಹೋಗುತ್ತದೆ. ತಿಂಗಳ ಬಿಲ್ಲಿನಲ್ಲಿ ಅದು ವಾಪಸು ಬರಬೇಕಾದರೆ ಗ್ರಾಹಕರು ಎಂಟೊಂಬತ್ತು ತಿಂಗಳಾದರೂ ಉಳಿಯಬೇಕು. ಹಾಗಾಗಿ ಅವರಿಗೆ ಉತ್ತರ ಬೇಕಾಗಿರುವುದು ಒಂದೇ ಪ್ರಶ್ನೆಗೆ: ಬಂದ ಗ್ರಾಹಕರು ಎಷ್ಟು ಕಾಲ ಉಳಿಯುತ್ತಾರೆ?

ಕೇಳಿದರೆ ಸರಾಸರಿ ತೆಗೆದು ಹೇಳಿಬಿಡಬಹುದು ಎನ್ನಿಸುತ್ತದೆ. ಆದರೆ ಪುಸ್ತಕ ತೆರೆದು ಕೂತರೆ ಕಷ್ಟ ಗೊತ್ತಾಗುತ್ತದೆ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಹತ್ತೇ ಗ್ರಾಹಕರನ್ನು ತೆಗೆದುಕೊಳ್ಳುತ್ತೇನೆ. ಅವರಲ್ಲಿ ನಾಲ್ವರು ಸಂಪರ್ಕ ಬಿಟ್ಟಿದ್ದಾರೆ: ಒಬ್ಬರು 2 ತಿಂಗಳಿಗೆ, ಮತ್ತೊಬ್ಬರು 4ಕ್ಕೆ, ಇನ್ನೊಬ್ಬರು 6ಕ್ಕೆ, ಕೊನೆಯವರು 9ಕ್ಕೆ. ಉಳಿದ ಆರು ಮಂದಿ ಇವತ್ತಿಗೂ ಇದ್ದಾರೆ. ಬೇರೆಬೇರೆ ತಿಂಗಳಲ್ಲಿ ಸೇರಿದವರಾದ್ದರಿಂದ ಅವರಿಗೆ ಇವತ್ತಿಗೆ ಆಗಿರುವುದು 3, 5, 6, 8, 12 ಮತ್ತು 12 ತಿಂಗಳು.

ಬಿಟ್ಟ ನಾಲ್ವರ ಸರಾಸರಿ ತೆಗೆದರೆ ಐದೂಕಾಲು ತಿಂಗಳು ಬರುತ್ತದೆ. ಅದನ್ನು ನಂಬಿದರೆ ಅಂಗಡಿ ಮುಚ್ಚಬೇಕು. ಆದರೆ ಆ ಲೆಕ್ಕದಲ್ಲಿ, ಒಂದು ವರ್ಷದಿಂದ ಬಿಲ್ ಕಟ್ಟುತ್ತಲೇ ಇರುವ ಇಬ್ಬರು ಇಲ್ಲವೇ ಇಲ್ಲ. ಹತ್ತೂ ಜನರನ್ನು ಸೇರಿಸಿದರೆ ಸರಾಸರಿ 6.7 ತಿಂಗಳು. ಇದೂ ಸರಿಯಲ್ಲ. ಇವತ್ತು ಇರುವ ಆರು ಮಂದಿಯೂ ಇವತ್ತೇ ಬಿಟ್ಟುಹೋದರು ಎಂದು ಒಪ್ಪಿಕೊಂಡ ಹಾಗಾಯಿತು.

ಸರಾಸರಿ ಬಿಟ್ಟು, ಒಂದು ವರ್ಷ ಉಳಿಯುವವರು ನೂರಕ್ಕೆ ಎಷ್ಟು ಎಂದು ಕೇಳೋಣ. ಹತ್ತರಲ್ಲಿ ನಾಲ್ವರು ಹೋಗಿದ್ದಾರೆ, ಆದ್ದರಿಂದ 60 ಎಂದು ಒಬ್ಬರು ಹೇಳುತ್ತಾರೆ. ಆದರೆ ಮೂರು ತಿಂಗಳ ಹಿಂದೆ ಬಂದವರು ವರ್ಷ ದಾಟಿಯೇ ಬಿಟ್ಟರು ಎಂದು ಈ 60 ಊಹಿಸಿಕೊಂಡಿದೆ. ವರ್ಷ ಪೂರ್ತಿ ನೋಡಲು ಸಿಗದವರನ್ನು ಬದಿಗಿಡೋಣ ಎಂದು ಇನ್ನೊಬ್ಬರು ಹೇಳುತ್ತಾರೆ. ಆಗ ಕೈಯಲ್ಲಿ ಉಳಿಯುವುದು ಬಿಟ್ಟ ನಾಲ್ವರು, ವರ್ಷ ಮುಗಿಸಿದ ಇಬ್ಬರು. ಆರರಲ್ಲಿ ಇಬ್ಬರು ಎಂದರೆ ನೂರಕ್ಕೆ 33. ಇದು ನೋಡಲು ಶಿಸ್ತಿನ ಲೆಕ್ಕದಂತಿದ್ದರೂ ಹೆಚ್ಚು ಅಪಾಯದ್ದು. ಹೊಸದಾಗಿ ಬಂದವರಲ್ಲಿ ಬಿಟ್ಟವರನ್ನೆಲ್ಲ ಇಟ್ಟುಕೊಂಡು, ಬಿಡದವರನ್ನು ಮಾತ್ರ ಹೊರಗೆ ಹಾಕಿದಂತೆ.

ಇನ್ನೂ ಸಂಪರ್ಕ ಇಟ್ಟುಕೊಂಡಿರುವ ಈ ಗ್ರಾಹಕರ ದಾಖಲೆಯನ್ನು ಸಂಖ್ಯಾಶಾಸ್ತ್ರದವರು ಸೆನ್ಸಾರ್ಡ್ ಎನ್ನುತ್ತಾರೆ. ಅವರ ಕಥೆ ಮುಗಿದಿಲ್ಲ, ನಾವು ನೋಡುವುದು ಮಾತ್ರ ಇವತ್ತಿಗೆ ನಿಂತಿದೆ. ಐದು ತಿಂಗಳಿಂದ ಇರುವವರು ಯಾವಾಗ ಬಿಡುತ್ತಾರೋ ಗೊತ್ತಿಲ್ಲ. ಆದರೆ ಐದು ತಿಂಗಳೊಳಗೆ ಬಿಡಲಿಲ್ಲ ಎಂಬುದು ಖಚಿತವಾಗಿ ಗೊತ್ತಿದೆ. ಅದು ಅರ್ಧ ಮಾಹಿತಿಯಾದರೂ ನಿಜವಾದ ಮಾಹಿತಿ. ಅದನ್ನು ಎಸೆಯಬಾರದು, ಅದಕ್ಕೆ ನಾವೇ ಕೊನೆ ಬರೆಯಲೂಬಾರದು. ಸರ್ವೈವಲ್ ಅನಾಲಿಸಿಸ್, ಅಂದರೆ ಉಳಿವಿನ ವಿಶ್ಲೇಷಣೆ, ಮೂಲದಲ್ಲಿ ಮಾಡುವುದು ಇಷ್ಟನ್ನೇ.

ಮಾಡುವ ಬಗೆ ಅಷ್ಟೇನೂ ಕಠಿಣವಲ್ಲ. ಇಡೀ ವರ್ಷದ ಪ್ರಶ್ನೆಯನ್ನು ಒಂದೇ ಸಲ ಕೇಳುವುದಿಲ್ಲ. ಯಾರಾದರೂ ಬಿಟ್ಟ ತಿಂಗಳು ಬಂದಾಗಲೆಲ್ಲ ನಿಂತು, ಆ ಹೊತ್ತಿಗೆ ಲೆಕ್ಕದಲ್ಲಿ ಎಷ್ಟು ಮಂದಿ ಇದ್ದರು, ಅವರಲ್ಲಿ ಎಷ್ಟು ಮಂದಿ ಉಳಿದರು ಎಂದು ಕೇಳುತ್ತೇವೆ. ಎರಡನೇ ತಿಂಗಳಲ್ಲಿ ಹತ್ತೂ ಜನ ಇದ್ದರು, ಒಬ್ಬರು ಹೋದರು. ಉಳಿದದ್ದು ಹತ್ತರಲ್ಲಿ ಒಂಬತ್ತು, ಅಂದರೆ 90 ಶೇಕಡ. ನಾಲ್ಕನೇ ತಿಂಗಳಿಗೆ ಬರುವಷ್ಟರಲ್ಲಿ, ಮೂರೇ ತಿಂಗಳು ನೋಡಲು ಸಿಕ್ಕವರು ಲೆಕ್ಕದಿಂದ ಹೊರಗಾಗಿದ್ದಾರೆ. ಅವರು ಬಿಟ್ಟವರಲ್ಲ, ಉಳಿದವರೂ ಅಲ್ಲ. ಅವರ ಬಗ್ಗೆ ಹೇಳಲು ಇನ್ನು ನಮ್ಮಲ್ಲಿ ಏನೂ ಇಲ್ಲ. ಈಗ ಲೆಕ್ಕದಲ್ಲಿರುವುದು ಎಂಟು ಮಂದಿ, ಅವರಲ್ಲಿ ಏಳು ಮಂದಿ ಉಳಿದರು. 90ನ್ನು ಏಳು ಎಂಟಾಂಶದಿಂದ ಗುಣಿಸಿದರೆ ಸುಮಾರು 79. ಆರನೇ ತಿಂಗಳಲ್ಲಿ ಆರು ಮಂದಿಯಲ್ಲಿ ಐವರು ಉಳಿದರು, ರೇಖೆ 66ಕ್ಕೆ ಇಳಿಯಿತು. ಒಂಬತ್ತನೆಯದಕ್ಕೆ ಲೆಕ್ಕದಲ್ಲಿ ಇದ್ದವರು ಮೂವರೇ, ಉಳಿದವರು ಇಬ್ಬರು. 66ರ ಮೂರನೇ ಎರಡು ಭಾಗ ಸುಮಾರು 44.

ಒಂದು ವರ್ಷ ಉಳಿಯುವವರು ನೂರಕ್ಕೆ 44. ಮೊದಲಿನ ಎರಡು ಉತ್ತರಗಳಲ್ಲಿ ಒಂದು ಇದಕ್ಕಿಂತ ಬಹಳ ಮೇಲಿತ್ತು, ಇನ್ನೊಂದು ಬಹಳ ಕೆಳಗಿತ್ತು. ಐದು ತಿಂಗಳ ಗ್ರಾಹಕರು ಇಲ್ಲಿ ಎರಡನೇ ಮತ್ತು ನಾಲ್ಕನೇ ತಿಂಗಳ ಲೆಕ್ಕಕ್ಕೆ ಪೂರ್ತಿ ಸಾಕ್ಷಿ ಹೇಳಿದರು, ಆರನೆಯದಕ್ಕೆ ಬಾಯಿ ಹಾಕಲಿಲ್ಲ.

ಈ ವಿಧಾನಕ್ಕೆ ಕಪ್ಲನ್–ಮೈಯರ್ ಎಂದು ಹೆಸರು. 1958ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಎಡ್ವರ್ಡ್ ಕಪ್ಲನ್ ಮತ್ತು ಪಾಲ್ ಮೈಯರ್ ಇದನ್ನು ಪ್ರಕಟಿಸಿದರು. ಕಪ್ಲನ್ ಬೆಲ್ ಲ್ಯಾಬ್ಸ್‌ನಲ್ಲಿ ಟೆಲಿಫೋನ್ ವ್ಯವಸ್ಥೆಯ ನಿರ್ವಾತ ಕೊಳವೆಗಳು ಎಷ್ಟು ಕಾಲ ಬಾಳುತ್ತವೆ ಎಂದು ಲೆಕ್ಕ ಹಾಕುತ್ತಿದ್ದರು, ಮೈಯರ್ ಕ್ಯಾನ್ಸರ್ ರೋಗಿಗಳ ಆಯಸ್ಸನ್ನು. ಇಬ್ಬರೂ ಬೇರೆಬೇರೆಯಾಗಿ ಕಳುಹಿಸಿದ ಬರಹಗಳು ಒಂದೇ ದಾರಿಯವೆಂದು ಕಂಡು, ಅವನ್ನು ಒಂದುಗೂಡಿಸಿ ಬರೆಯಲು ಪತ್ರಿಕೆ ಹೇಳಿತು. ಕೊಳವೆಗಾಗಲಿ ರೋಗಿಗಾಗಲಿ ಬ್ರಾಡ್‌ಬ್ಯಾಂಡ್ ಗ್ರಾಹಕರಿಗಾಗಲಿ ತೊಡಕು ಒಂದೇ: ಲೆಕ್ಕ ಕೊಡಬೇಕಾದ ದಿನ ಎಲ್ಲರ ಕೊನೆಯೂ ಬಂದಿರುವುದಿಲ್ಲ.

ಈ ಅಂಕಿಗಳನ್ನು ಕಾಗದದ ಮೇಲೆ ಗುರುತು ಹಾಕಿದರೆ ಎಡದಿಂದ ಬಲಕ್ಕೆ ಇಳಿಯುವ ಮೆಟ್ಟಿಲು ಕಾಣುತ್ತದೆ. ಅಡಿಯ ಗೆರೆಯಲ್ಲಿ ಸೇರಿದ ಮೇಲಿನ ತಿಂಗಳು, ನಿಂತ ಗೆರೆಯಲ್ಲಿ ಉಳಿದವರ ಶೇಕಡ. ಯಾರಾದರೂ ಬಿಟ್ಟಾಗ ಮಾತ್ರ ಮೆಟ್ಟಿಲು ಇಳಿಯುತ್ತದೆ. ಸೆನ್ಸಾರ್ಡ್ ಆದವರ ಜಾಗದಲ್ಲಿ ಪುಟ್ಟ ಗೀಟು ಹಾಕುವುದು ವಾಡಿಕೆ. ರೇಖೆ 50ರ ಕೆಳಗೆ ಮೊದಲು ಇಳಿಯುವ ತಿಂಗಳೇ ಮಧ್ಯಕ ಉಳಿವು, ನಮ್ಮ ಹತ್ತು ಜನರಲ್ಲಿ ಅದು 9. ಸರಾಸರಿಗಿಂತ ಇದು ಹೆಚ್ಚು ನಂಬಿಕೆಗೆ ತಕ್ಕದ್ದು. ಸರಾಸರಿಗೆ ಕೊನೆಯ ಗ್ರಾಹಕರು ಬಿಡುವ ದಿನವೂ ಗೊತ್ತಿರಬೇಕಾಗುತ್ತದೆ, ಮಧ್ಯಕಕ್ಕೆ ಅದು ಬೇಕಿಲ್ಲ. ರೇಖೆ 50ನ್ನು ಮುಟ್ಟದೇ ಹೋದರೆ ಮಧ್ಯಕ ಇನ್ನೂ ತಿಳಿಯದು ಎಂದು ಬರೆಯಬೇಕು, ಊಹಿಸಿ ತುಂಬಬಾರದು.

ಮೊದಲು ನೋಡಬೇಕಾದದ್ದು ಎಲ್ಲಿ ಧುಮುಕಿದೆ ಎಂಬುದನ್ನು. ಮೊದಲ ತಿಂಗಳ ಕೊನೆಗೆ ದೊಡ್ಡ ಮೆಟ್ಟಿಲಿದ್ದರೆ ಉಚಿತ ಕೊಡುಗೆ ಮುಗಿದ ದಿನ ಅದಿರಬಹುದು. ಹನ್ನೆರಡಕ್ಕಿದ್ದರೆ ವಾರ್ಷಿಕ ಪ್ಲಾನ್ ತೀರಿದ ದಿನ. ಇಂಥ ಜಾಗದಲ್ಲಿ ಕಾರಣವನ್ನು ಗ್ರಾಹಕರ ಮನಸ್ಸಿಗಿಂತ ಮೊದಲು ಕರಾರಿನಲ್ಲಿ ಹುಡುಕಬೇಕು.

ಆಮೇಲೆ ಬಲತುದಿ. ಕಣ್ಣು ಅಲ್ಲಿಗೇ ಹೋಗುತ್ತದೆ, ಆದರೆ ರೇಖೆ ಅತ್ಯಂತ ಬಡವಾಗಿರುವುದೂ ಅಲ್ಲೇ. ನಮ್ಮ ಉದಾಹರಣೆಯಲ್ಲಿ 66ರಿಂದ 44ಕ್ಕೆ ಬಿದ್ದ ದೊಡ್ಡ ಮೆಟ್ಟಿಲು ಒಬ್ಬರೇ ಗ್ರಾಹಕರು ಬಿಟ್ಟದ್ದರಿಂದ ಆದದ್ದು, ಏಕೆಂದರೆ ಆಗ ಲೆಕ್ಕದಲ್ಲಿ ಇದ್ದವರೇ ಮೂವರು. ಬಳಕೆಯಲ್ಲಿರುವ ಸೂತ್ರದಿಂದ ಶೇಕಡ 95ರ ಭರವಸೆಯ ವ್ಯಾಪ್ತಿ ಹಾಕಿದರೆ ಆ 44ರ ಸುತ್ತ ಬರುವುದು 8ರಿಂದ 77. ಅಂದರೆ ಏನೂ ಗೊತ್ತಿಲ್ಲ ಎಂದರೂ ನಡೆಯುತ್ತದೆ. ಆದ್ದರಿಂದ ರೇಖೆಯ ಕೆಳಗೆ ಪ್ರತಿ ಹಂತದಲ್ಲೂ ಲೆಕ್ಕದಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಸಾಲು ಇರಲೇಬೇಕು. ಆ ಸಾಲಿಲ್ಲದ ರೇಖೆಯನ್ನು ಯಾರಾದರೂ ತೋರಿಸಿದರೆ ನಾನು ಅದರ ಬಲಗಡೆಯ ಅರ್ಧದ ಮೇಲೆ ಯಾವ ತೀರ್ಮಾನವನ್ನೂ ನಿಲ್ಲಿಸುವುದಿಲ್ಲ.

ರೇಖೆಯ ಇನ್ನೊಂದು ಲಕ್ಷಣ ಬಹಳ ಮಂದಿಯನ್ನು ದಾರಿ ತಪ್ಪಿಸುತ್ತದೆ. ಗ್ರಾಹಕರ ಉಳಿವಿನ ರೇಖೆಗಳು ಸಾಮಾನ್ಯವಾಗಿ ಮೊದಲು ಕಡಿದಾಗಿ ಇಳಿದು ಆಮೇಲೆ ಸಮತಟ್ಟಾಗುತ್ತವೆ. ದಿನ ಕಳೆದಂತೆ ಗ್ರಾಹಕರಿಗೆ ನಮ್ಮ ಮೇಲೆ ಒಲವು ಬೆಳೆಯಿತು ಎಂದು ಇದನ್ನು ಓದುತ್ತಾರೆ. ಹಾಗೇ ಆಗಿರಬೇಕೆಂದಿಲ್ಲ. ನೂರು ಗ್ರಾಹಕರಲ್ಲಿ ಐವತ್ತು ಮಂದಿ ಬಾಡಿಗೆ ಕೋಣೆಯ ವಿದ್ಯಾರ್ಥಿಗಳು, ಪ್ರತಿ ತಿಂಗಳೂ ಅವರಲ್ಲಿ ಶೇಕಡ 20 ಬಿಡುತ್ತಾರೆ ಎನ್ನೋಣ. ಇನ್ನೈವತ್ತು ಸ್ವಂತ ಮನೆಯ ಸಂಸಾರಗಳು, ಬಿಡುವುದು ತಿಂಗಳಿಗೆ ಶೇಕಡ 2. ಯಾರ ಮನಸ್ಸೂ ಎಂದೂ ಬದಲಾಗುವುದಿಲ್ಲ. ಆದರೂ ಮೊದಲ ತಿಂಗಳು ಒಟ್ಟಾರೆ ಬಿಡುವವರು ನೂರಕ್ಕೆ 11. ವರ್ಷ ಕಳೆದ ಮೇಲೆ ಐವತ್ತು ವಿದ್ಯಾರ್ಥಿಗಳಲ್ಲಿ ಮೂರು ನಾಲ್ಕು ಮಂದಿ, ಸಂಸಾರಗಳಲ್ಲಿ ಮೂವತ್ತೊಂಬತ್ತರಷ್ಟು ಉಳಿದಿರುತ್ತವೆ. ಆಗ ತಿಂಗಳ ದರ ನೂರಕ್ಕೆ ಮೂರೂವರೆಗೆ ಇಳಿದಿರುತ್ತದೆ. ಬೇಗ ಬಿಡುವವರು ಸೋಸಿ ಹೋದರು, ಅಷ್ಟೇ. ಇದು ತಿಳಿಯದೆ ಹೊಸ ವಿದ್ಯಾರ್ಥಿಗಳನ್ನು ಒಂದು ವರ್ಷ ಹೇಗಾದರೂ ಹಿಡಿದಿಟ್ಟರೆ ಮುಂದೆ ತಾವಾಗಿಯೇ ಉಳಿಯುತ್ತಾರೆ ಎಂದು ರಿಯಾಯಿತಿ ಕೊಟ್ಟರೆ ಹಣ ಹೋಗುತ್ತದೆ. ಎರಡು ಗುಂಪಿಗೂ ಬೇರೆಬೇರೆ ರೇಖೆ ಎಳೆದು ನೋಡಿದರೆ ಇದು ಬಯಲಾಗುತ್ತದೆ.

ಈ ಲೆಕ್ಕವೆಲ್ಲ ನಿಂತಿರುವುದು ಒಂದು ಷರತ್ತಿನ ಮೇಲೆ. ಸೆನ್ಸಾರ್ಡ್ ಆದವರು ಮುಂದೆ ಬಿಡುವ ಸಂಭವ, ಅದೇ ವಯಸ್ಸಿನ ಇತರ ಗ್ರಾಹಕರಷ್ಟೇ ಇರಬೇಕು. ಲೆಕ್ಕ ಮುಗಿಸಿದ ದಿನ ಇನ್ನೂ ಇದ್ದಾರೆ ಎಂಬುದೇ ಕಾರಣವಾಗಿದ್ದರೆ ಈ ಷರತ್ತಿಗೆ ಹೆಚ್ಚಾಗಿ ತೊಂದರೆಯಿಲ್ಲ. ತೊಂದರೆ ಬರುವುದು ಕಚೇರಿಯಲ್ಲಿ. ಬಿಲ್ ಕಟ್ಟದವರನ್ನು ‘ತಾತ್ಕಾಲಿಕ ಸ್ಥಗಿತ’ ಎಂದು ಗುರುತಿಸಿ ಆಮೇಲೆ ಮರೆತರೆ, ಕಂಪ್ಯೂಟರ್ ಅವರನ್ನು ಸೆನ್ಸಾರ್ಡ್ ಎಂದು ಓದುತ್ತದೆ. ನಿಜದಲ್ಲಿ ಅವರಲ್ಲಿ ಬಹುಪಾಲು ಬಿಟ್ಟೇ ಹೋಗಿರುತ್ತಾರೆ. ರೇಖೆ ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ. ಕಂಡುಹಿಡಿಯುವುದು ಕಷ್ಟವಲ್ಲ: ಸೆನ್ಸಾರ್ಡ್ ಆದ ದಿನಾಂಕಗಳನ್ನು ಪಟ್ಟಿ ಮಾಡಿದರೆ ಎಲ್ಲವೂ ಲೆಕ್ಕ ಮುಗಿಸಿದ ಒಂದೇ ದಿನದ್ದಾಗಿರಬೇಕು. ಮಧ್ಯದ ದಿನಾಂಕಗಳು ಕಂಡರೆ ಒಂದೊಂದನ್ನೂ ಕೇಳಬೇಕು. ಪ್ರಿಪೇಯ್ಡ್ ಮೊಬೈಲಿನಂಥ ಕಡೆ ಗ್ರಾಹಕರು ಬಿಡುತ್ತೇನೆಂದು ಹೇಳಿ ಹೋಗುವುದೇ ಇಲ್ಲ. ಅಲ್ಲಿ ಇಷ್ಟು ದಿನ ರೀಚಾರ್ಜ್ ಇಲ್ಲದಿದ್ದರೆ ಬಿಟ್ಟಂತೆ ಎಂಬ ನಿಯಮವನ್ನು ಲೆಕ್ಕಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ತಪ್ಪು ಹಳೆಯ ಸಂಸ್ಥೆಗಳಲ್ಲಿ ಆಗುತ್ತದೆ. ಹತ್ತು ವರ್ಷದಿಂದ ವ್ಯವಹಾರವಿದ್ದು, ಕಂಪ್ಯೂಟರಿಗೆ ಹೆಸರು ಏರಿಸಿದ್ದು ನಾಲ್ಕು ವರ್ಷದ ಹಿಂದೆ ಎಂದಿಟ್ಟುಕೊಳ್ಳಿ. ಅವತ್ತು ಪಟ್ಟಿಗೆ ಸೇರಿದ ಹಳಬರೆಲ್ಲ ಆ ದಿನದವರೆಗೆ ಬಿಡದೆ ಇದ್ದವರು. ಅವರ ಜೊತೆ ಬಂದು ಮೊದಲೇ ಬಿಟ್ಟವರ ಹೆಸರು ಎಲ್ಲೂ ಇಲ್ಲ. ಆ ಹಳಬರನ್ನು ಮೊದಲ ತಿಂಗಳಿಂದಲೇ ಲೆಕ್ಕಕ್ಕೆ ತೆಗೆದುಕೊಂಡರೆ ಯಾರೂ ಬಿಡುವುದೇ ಇಲ್ಲ ಎನ್ನುವಂಥ ರೇಖೆ ಬರುತ್ತದೆ. ಆರು ವರ್ಷ ತುಂಬಿದ ಮೇಲೆ ಪಟ್ಟಿಗೆ ಬಂದವರು ಎಪ್ಪತ್ತೆರಡನೇ ತಿಂಗಳಿಂದ ಮುಂದಿನ ಲೆಕ್ಕಕ್ಕೆ ಮಾತ್ರ ಸೇರಬೇಕು. ಅದಕ್ಕೆ ಪುಸ್ತಕದಲ್ಲಿ ಪ್ರತಿಯೊಬ್ಬರ ಮುಂದೆ ಮೂರು ದಿನಾಂಕ ಇರಬೇಕು: ಸಂಪರ್ಕ ಪಡೆದದ್ದು, ದಾಖಲೆಗೆ ಬಂದದ್ದು, ಬಿಟ್ಟದ್ದು ಅಥವಾ ಕೊನೆಯ ಸಲ ಇದ್ದಾರೆಂದು ಖಚಿತವಾದದ್ದು. ಮೂರನೆಯ ದಿನಾಂಕ ಯಾವುದರದ್ದು, ಬಿಟ್ಟದ್ದರದ್ದೋ ಇದ್ದದ್ದರದ್ದೋ, ಎಂದು ತಿಳಿಸುವ ಒಂದು ಗುರುತೂ ಅದರ ಪಕ್ಕದಲ್ಲಿರಬೇಕು.